ಗಂಟಲು ನೋವಿಗೆ ರಕ್ತ ಪರೀಕ್ಷೆ ಏಕೆ?

ಗುರುವಾರ ರಾತ್ರಿ ಊಟಕ್ಕೆ ಕುಳಿತಾಗ ಹುಡುಗಿಗೆ ತುತ್ತು ನುಂಗಲು ಕಷ್ಟವಾಯಿತು. ಆಕೆ ಮೈಸೂರಿನ ಹಾಸ್ಟೆಲೊಂದರಲ್ಲಿದ್ದುಕೊಂಡು ಬಿ.ಎಸ್‌ಸಿ. ಎರಡನೆಯ ವರ್ಷ ಓದುತ್ತಿದ್ದ ಹತ್ತೊಂಬತ್ತು ವರ್ಷದ ವಿದ್ಯಾರ್ಥಿನಿ. ಹೊರಗೆ ಜುಲೈ ತಿಂಗಳ ಜಿಟಿಜಿಟಿ ಮಳೆ. ಹಾಸ್ಟೆಲಿನಲ್ಲಿ ಆಗಲೇ ನಾಲ್ಕೈದು ಮಂದಿ ನೆಗಡಿ, ಕೆಮ್ಮು ಎಂದು ಮಲಗಿದ್ದರು. ತನಗೂ ಅದೇ ಬಂತು ಎಂದುಕೊಂಡು ಬಿಸಿನೀರು ಕುಡಿದು ಮಲಗಿದಳು.

ಶುಕ್ರವಾರ ಬೆಳಿಗ್ಗೆ ಚಳಿ ಹಿಡಿದು ಜ್ವರ ಬಂತು. ಥರ್ಮಾಮೀಟರ್ 102 ಡಿಗ್ರಿ ತೋರಿಸಿತು. ಕೋಣೆಯ ಗೆಳತಿ ಒಂದು ಪ್ಯಾರಾಸಿಟಮಾಲ್ ಮಾತ್ರೆ ಕೊಟ್ಟಳು. ಮಧ್ಯಾಹ್ನದ ಹೊತ್ತಿಗೆ ಮೈ ಬೆವರಿ ಜ್ವರ ಇಳಿಯಿತು. ಆದರೆ ಗಂಟಲು ನೋವು ಇಳಿಯಲಿಲ್ಲ. ಸಂಜೆ ಜ್ವರ ಮತ್ತೆ ಏರಿತು. ಆಗ ಶಿವಮೊಗ್ಗಕ್ಕೆ ಫೋನ್ ಮಾಡಿದಳು.

‘ಅಮ್ಮಾ, ಗಂಟಲು ತುಂಬ ನೋವು. ಎಂಜಲು ನುಂಗೋಕೂ ಆಗ್ತಿಲ್ಲ.’

‘ಮಳೇಲಿ ನೆಂದಿರ್ತೀಯ. ಉಪ್ಪುನೀರು ಹಾಕಿ ಬಾಯಿ ಮುಕ್ಕಳಿಸು. ಮೆಸ್ಸಲ್ಲಿ ಕೇಳಿ ಒಂದು ಲೋಟ ಮೆಣಸಿನ ಕಷಾಯ ಮಾಡಿಸ್ಕೋ.’

ಪಕ್ಕದಲ್ಲಿ ಕುಳಿತು ಕೇಳುತ್ತಿದ್ದ ಅಪ್ಪನಿಗೆ ಏನೋ ನೆನಪಾಯಿತು. ಆರು ವಾರದ ಹಿಂದೆ ಮಗಳಿಗೆ ಥೈರಾಯ್ಡ್ ತೊಂದರೆ ಎಂದು ಮಾತ್ರೆ ಶುರು ಮಾಡಿದಾಗ ವೈದ್ಯರು ಚೀಟಿಯ ಕೆಳಗೆ ಎರಡು ಸಾಲು ಬರೆದು, ಅದರ ಸುತ್ತ ಗೆರೆ ಎಳೆದಿದ್ದರು. ಫೈಲು ತೆಗೆದು ನೋಡಿದರೆ ಹೀಗಿತ್ತು: ‘ಜ್ವರ, ಗಂಟಲು ನೋವು, ಬಾಯಿ ಹುಣ್ಣು ಬಂದರೆ ಈ ಮಾತ್ರೆ ನಿಲ್ಲಿಸಿ. ಅದೇ ದಿನ ರಕ್ತದ ಎಣಿಕೆ ಮಾಡಿಸಿ.’

ಅಪ್ಪ ಫೋನ್ ಕೈಗೆ ತೆಗೆದುಕೊಂಡರು. ‘ಪುಟ್ಟಿ, ರಾತ್ರಿಯ ಥೈರಾಯ್ಡ್ ಮಾತ್ರೆ ನುಂಗಬೇಡ. ವಾರ್ಡನ್ ಅವರಿಗೆ ಫೋನ್ ಕೊಡು.’

ಇದು ಯಾರೊಬ್ಬರ ಮನೆಯಲ್ಲಿ ನಡೆದ ಘಟನೆಯ ವರದಿಯಲ್ಲ. ಅಪರೂಪದ, ಆದರೆ ಪ್ರಾಣಕ್ಕೆ ಎರವಾಗಬಲ್ಲ ಒಂದು ತೊಂದರೆ ಸಾಮಾನ್ಯವಾಗಿ ಹೇಗೆ ಬರುತ್ತದೆಯೋ ಹಾಗೆಯೇ ಹೆಣೆದ ಉದಾಹರಣೆ. ಅಪ್ಪ ಆ ಚೀಟಿಯನ್ನು ನೆನಪಿಸಿಕೊಳ್ಳದೆ ಹೋಗಿದ್ದರೆ ಏನಾಗುತ್ತಿತ್ತು ಎಂಬುದು ಅರ್ಥವಾಗಬೇಕಾದರೆ ಮೊದಲು ಆ ಮಾತ್ರೆ ಯಾವುದು ಎಂದು ತಿಳಿಯಬೇಕು.

ಎರಡು ಬಗೆಯ ಥೈರಾಯ್ಡ್ ಮಾತ್ರೆ

ಕತ್ತಿನ ಮುಂಭಾಗದಲ್ಲಿ ಚಿಟ್ಟೆಯ ಆಕಾರದಲ್ಲಿರುವ ಥೈರಾಯ್ಡ್ ಗ್ರಂಥಿ ನಮ್ಮ ದೇಹದ ಕೆಲಸದ ವೇಗವನ್ನು ನಿರ್ಧರಿಸುವ ಹಾರ್ಮೋನನ್ನು ತಯಾರಿಸುತ್ತದೆ. ಇದು ಕಡಿಮೆಯಾದರೆ ಒಂದು ರೋಗ, ಹೆಚ್ಚಾದರೆ ಇನ್ನೊಂದು ರೋಗ. ನಮ್ಮಲ್ಲಿ ‘ಥೈರಾಯ್ಡ್ ಇದೆ, ಮಾತ್ರೆ ತಗೊಳ್ತಿದೀನಿ’ ಎನ್ನುವವರಲ್ಲಿ ಹೆಚ್ಚಿನವರಿಗೆ ಇರುವುದು ಹಾರ್ಮೋನಿನ ಕೊರತೆ. ಅವರು ಬೆಳಿಗ್ಗೆ ಬರಿ ಹೊಟ್ಟೆಯಲ್ಲಿ ನುಂಗುವುದು ಥೈರಾಕ್ಸಿನ್ ಮಾತ್ರೆ. ಅದು ದೇಹದಲ್ಲಿ ಕೊರತೆಯಾದ ಹಾರ್ಮೋನನ್ನೇ ತುಂಬಿಕೊಡುವಂಥದ್ದು. ಈ ಲೇಖನದಲ್ಲಿ ಹೇಳುವ ಅಪಾಯ ಆ ಮಾತ್ರೆಗೆ ಇಲ್ಲ. ಥೈರಾಕ್ಸಿನ್ ತೆಗೆದುಕೊಳ್ಳುವವರು ಇದನ್ನು ಓದಿ ಗಾಬರಿಯಾಗಿ ಮಾತ್ರೆ ಬಿಡಬಾರದು.

ನಮ್ಮ ಹುಡುಗಿಯದು ಇದಕ್ಕೆ ವಿರುದ್ಧವಾದ ರೋಗ. ಅವಳ ಗ್ರಂಥಿ ಬೇಕಾದದ್ದಕ್ಕಿಂತ ಹೆಚ್ಚು ಹಾರ್ಮೋನ್ ಸುರಿಸುತ್ತಿತ್ತು. ಹೊಟ್ಟೆ ತುಂಬ ತಿಂದರೂ ತೂಕ ಇಳಿಯುವುದು, ಕುಳಿತಲ್ಲೇ ಎದೆ ಡವಗುಟ್ಟುವುದು, ಕೈಬೆರಳು ನಡುಗುವುದು, ಸೆಕೆ ತಡೆಯಲಾಗದಿರುವುದು, ರಾತ್ರಿ ನಿದ್ದೆ ಬಾರದಿರುವುದು, ಸಣ್ಣ ಮಾತಿಗೂ ಸಿಡುಕುವುದು ಇದರ ಲಕ್ಷಣಗಳು. ವಿದ್ಯಾರ್ಥಿಗಳಲ್ಲಿ ಇವು ಕಾಣಿಸಿಕೊಂಡಾಗ ಮನೆಯವರು ಪರೀಕ್ಷೆಯ ಭಯ ಎಂದುಕೊಳ್ಳುವುದೇ ಹೆಚ್ಚು. ಹರೆಯದವರಲ್ಲಿ ಇದಕ್ಕೆ ಮುಖ್ಯ ಕಾರಣ ಗ್ರೇವ್ಸ್ ಕಾಯಿಲೆ. 1835ರಲ್ಲಿ ಇದನ್ನು ವಿವರಿಸಿದ ಐರ್ಲೆಂಡಿನ ವೈದ್ಯ ರಾಬರ್ಟ್ ಗ್ರೇವ್ಸ್‌ನ ಹೆಸರು ಅದಕ್ಕಿದೆ. ದೇಹದ ರೋಗನಿರೋಧಕ ವ್ಯವಸ್ಥೆಯೇ ದಾರಿ ತಪ್ಪಿ ಥೈರಾಯ್ಡ್ ಗ್ರಂಥಿಯನ್ನು ಎಡೆಬಿಡದೆ ಚುಚ್ಚಿ ಎಬ್ಬಿಸುವುದು ಇದರ ಮೂಲ. ಗಂಡಸರಿಗಿಂತ ಹೆಂಗಸರಲ್ಲಿ ಇದು ಹೆಚ್ಚು.

ಇದಕ್ಕೆ ನಮ್ಮಲ್ಲಿ ಸಾಮಾನ್ಯವಾಗಿ ಕೊಡುವ ಔಷಧ ಕಾರ್ಬಿಮಜೋಲ್. ಇದು ದೇಹದೊಳಗೆ ಹೋದ ಮೇಲೆ ಮೆಥಿಮಜೋಲ್ ಆಗಿ ಬದಲಾಗಿ, ಗ್ರಂಥಿ ಹೊಸ ಹಾರ್ಮೋನ್ ತಯಾರಿಸುವುದನ್ನು ತಡೆಯುತ್ತದೆ. ಮೆಥಿಮಜೋಲನ್ನೇ ನೇರವಾಗಿ ಕೊಡುವುದೂ ಉಂಟು. ಇದೇ ಕುಟುಂಬದ ಮೂರನೆಯ ಔಷಧ ಪ್ರೊಪೈಲ್‌ಥಯೋಯುರಾಸಿಲ್. ಗರ್ಭಧಾರಣೆಯ ಮೊದಲ ಮೂರು ತಿಂಗಳಂಥ ಕೆಲವು ಸಂದರ್ಭಗಳಲ್ಲಿ ಇದನ್ನು ಆರಿಸುತ್ತಾರೆ. ಮೂರೂ ಒಳ್ಳೆಯ ಔಷಧಗಳೇ. ಸಾಮಾನ್ಯವಾಗಿ ಒಂದು, ಒಂದೂವರೆ ವರ್ಷ ಕೊಡುತ್ತಾರೆ. ಬಹಳಷ್ಟು ಜನ ಏನೂ ತೊಂದರೆಯಿಲ್ಲದೆ ಇವನ್ನು ತೆಗೆದುಕೊಳ್ಳುತ್ತಾರೆ. ಕೆಲವರಿಗೆ ಮೈ ತುರಿಕೆ, ಗಂಧೆ ಏಳುವುದುಂಟು. ಸಾವಿರ ಮಂದಿಯಲ್ಲಿ ಸುಮಾರು ಎರಡರಿಂದ ಐದು ಮಂದಿಗೆ ಮಾತ್ರ ಆ ದೊಡ್ಡ ತೊಂದರೆ ಬರುತ್ತದೆ: ರಕ್ತದಲ್ಲಿನ ಕಾವಲುಗಾರರು ಇದ್ದಕ್ಕಿದ್ದಂತೆ ಮಾಯವಾಗುತ್ತಾರೆ.

ಕಾವಲಿಲ್ಲದ ಊರು

ರಕ್ತದಲ್ಲಿ ಕೆಂಪು ಕಣ, ಬಿಳಿ ಕಣ, ಪ್ಲೇಟ್‌ಲೆಟ್ ಎಂಬ ಮೂರು ಬಗೆಯಿರುವುದನ್ನು ಪಾಠದಲ್ಲಿ ಓದಿರುತ್ತೀರಿ. ಬಿಳಿ ಕಣಗಳಲ್ಲಿ ಮತ್ತೆ ಐದು ಜಾತಿ. ಅವುಗಳಲ್ಲಿ ನಮ್ಮ ಕಥೆಗೆ ಬೇಕಾದದ್ದು ನ್ಯೂಟ್ರೋಫಿಲ್. ಬ್ಯಾಕ್ಟೀರಿಯಾ ಎಲ್ಲಿ ನುಗ್ಗಿದರೂ ಮೊದಲು ಓಡಿ ಬಂದು ಅವನ್ನು ನುಂಗುವುದು ಇದೇ ಕಣ. ಗಾಯದಲ್ಲಿ ಕಾಣುವ ಕೀವಿನಲ್ಲಿ ಬಹುಪಾಲು ಇರುವುದು ಹೀಗೆ ಹೋರಾಡಿ ಸತ್ತ ನ್ಯೂಟ್ರೋಫಿಲ್‌ಗಳೇ.

ಇವು ಹುಟ್ಟುವುದು ಮೂಳೆಯೊಳಗಿನ ಮಜ್ಜೆಯಲ್ಲಿ. ರಕ್ತಕ್ಕೆ ಇಳಿದ ಮೇಲೆ ಇವುಗಳ ಓಡಾಟ ಕೆಲವು ಗಂಟೆಗಳಿಂದ ಹೆಚ್ಚೆಂದರೆ ಒಂದೆರಡು ದಿನ. ಕೆಂಪು ಕಣ ಸುಮಾರು ನಾಲ್ಕು ತಿಂಗಳು ಬಾಳುವುದಕ್ಕೆ ಹೋಲಿಸಿದರೆ ಇದು ಏನೇನೂ ಅಲ್ಲ. ಹಾಗಾಗಿ ಮಜ್ಜೆ ಇವುಗಳನ್ನು ಹಗಲಿರುಳು ತಯಾರಿಸುತ್ತಲೇ ಇರಬೇಕು. ಕೆಲವು ದಿನಗಳಿಗೆ ಆಗುವಷ್ಟು ದಾಸ್ತಾನೂ ಅಲ್ಲಿರುತ್ತದೆ.

ಥೈರಾಯ್ಡ್ ತಗ್ಗಿಸುವ ಈ ಔಷಧಗಳು ಕೆಲವರ ದೇಹದಲ್ಲಿ ರೋಗನಿರೋಧಕ ವ್ಯವಸ್ಥೆಯನ್ನು ಕೆರಳಿಸಿ ನ್ಯೂಟ್ರೋಫಿಲ್‌ಗಳ ಮೇಲೆಯೇ ತಿರುಗಿಬೀಳುವಂತೆ ಮಾಡುತ್ತವೆ. ಮಜ್ಜೆಯಲ್ಲಿ ಬೆಳೆಯುತ್ತಿರುವ ಎಳೆಯ ಕಣಗಳೂ ಇದಕ್ಕೆ ಸಿಕ್ಕಿ ನಾಶವಾಗುತ್ತವೆ. ಕೆಂಪು ಕಣ, ಪ್ಲೇಟ್‌ಲೆಟ್‌ಗಳಿಗೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ಹೊಸ ನ್ಯೂಟ್ರೋಫಿಲ್ ಬರುವುದು ನಿಂತಾಗ, ಇದ್ದವುಗಳ ಆಯುಸ್ಸು ಚಿಕ್ಕದಾದ್ದರಿಂದ, ನಾಲ್ಕಾರು ದಿನಗಳಲ್ಲಿ ರಕ್ತ ಬರಿದಾಗುತ್ತದೆ. ಈ ಸ್ಥಿತಿಗೆ ವೈದ್ಯಕೀಯದಲ್ಲಿ ಅಗ್ರಾನ್ಯುಲೊಸೈಟೋಸಿಸ್ ಎಂದು ಹೆಸರು. ಉಚ್ಚರಿಸಲು ಕಷ್ಟವಾದರೂ ಒಮ್ಮೆ ಬರೆದಿಟ್ಟುಕೊಳ್ಳಬೇಕಾದ ಹೆಸರು.

ಹಾಗಾದರೆ ಗಂಟಲೇ ಏಕೆ ಮೊದಲು? ಬಾಯಿ ಮತ್ತು ಗಂಟಲಿನಲ್ಲಿ ಸದಾ ಕೋಟಿಗಟ್ಟಲೆ ಬ್ಯಾಕ್ಟೀರಿಯಾ ವಾಸಿಸುತ್ತವೆ. ನ್ಯೂಟ್ರೋಫಿಲ್‌ಗಳ ಕಾವಲು ಇರುವವರೆಗೆ ಅವು ತಮ್ಮ ಪಾಡಿಗೆ ಇರುತ್ತವೆ. ಕಾವಲು ತಪ್ಪಿದೊಡನೆ ಅಲ್ಲಿನ ತೆಳು ಪೊರೆಯನ್ನು ಕೊರೆದು ಒಳಗೆ ನುಗ್ಗುತ್ತವೆ. ಗಂಟಲು ಉರಿಯುತ್ತದೆ, ನುಂಗಲಾಗುವುದಿಲ್ಲ, ಒಸಡು ಮತ್ತು ನಾಲಿಗೆಯ ಮೇಲೆ ಹುಣ್ಣುಗಳಾಗುತ್ತವೆ. ಅಲ್ಲಿಂದ ರಕ್ತಕ್ಕೆ ಇಳಿದರೆ ಚಳಿ, ಜೋರು ಜ್ವರ, ಆಮೇಲೆ ರಕ್ತದ ನಂಜು.

ಇಲ್ಲಿ ಒಂದು ಮೋಸವಿದೆ. ಕೀವು ಆಗಬೇಕಾದರೆ ನ್ಯೂಟ್ರೋಫಿಲ್ ಇರಬೇಕು. ಅವೇ ಇಲ್ಲದಿರುವಾಗ ಗಂಟಲಿನಲ್ಲಿ ಕೀವು ಅಷ್ಟಾಗಿ ಕಾಣದೆ ಇರಬಹುದು. ಟಾರ್ಚು ಹಾಕಿ ನೋಡಿದವರು ‘ಬರೀ ಸ್ವಲ್ಪ ಕೆಂಪಾಗಿದೆ’ ಎಂದುಬಿಡಬಹುದು. ಒಳಗಿನ ಅಪಾಯದ ಅಳತೆ ಕಣ್ಣಿಗೆ ಸಿಗುವುದಿಲ್ಲ. ಅದು ಸಿಗುವುದು ರಕ್ತದ ಎಣಿಕೆಯಲ್ಲಿ ಮಾತ್ರ.

ಈ ಕಾಯಿಲೆಯ ಚಿತ್ರ ವೈದ್ಯರಿಗೆ ಹೊಸದೇನಲ್ಲ. ಬರ್ಲಿನ್ನಿನ ವೈದ್ಯ ವರ್ನರ್ ಶುಲ್ಟ್ಜ್ 1922ರಲ್ಲೇ ಇದನ್ನು ವಿವರಿಸಿದ್ದ. ಗಂಟಲಿನಲ್ಲಿ ಭೀಕರ ಹುಣ್ಣು, ಜೋರು ಜ್ವರ, ರಕ್ತದಲ್ಲಿ ನ್ಯೂಟ್ರೋಫಿಲ್ ಜಾತಿಯ ಕಣಗಳೇ ಇಲ್ಲ. ಆಂಟಿಬಯಾಟಿಕ್‌ಗಳಿಲ್ಲದ ಆ ದಿನಗಳಲ್ಲಿ ಉಳಿದವರು ಕಡಿಮೆ. ಅಮೆರಿಕದ ಬಾಸ್ಟನ್ನಿನಲ್ಲಿ ಎಡ್ವಿನ್ ಆ್ಯಸ್ಟ್‌ವುಡ್ ಥೈರಾಯ್ಡ್ ತಗ್ಗಿಸುವ ಮೊದಲ ಔಷಧಗಳನ್ನು ರೋಗಿಗಳಿಗೆ ಕೊಟ್ಟು 1943ರಲ್ಲಿ ಫಲಿತಾಂಶ ಪ್ರಕಟಿಸಿದ. ಆ ಔಷಧಗಳ ಬಳಕೆಯ ಆರಂಭದ ವರ್ಷಗಳಲ್ಲೇ ಈ ಅಡ್ಡಪರಿಣಾಮವೂ ವೈದ್ಯರ ಗಮನಕ್ಕೆ ಬಂತು. ಇಂದು ಕೊಡುವ ಔಷಧಗಳು ಅವುಗಳಿಗಿಂತ ಉತ್ತಮ. ಆದರೆ ಅಪಾಯ ಪೂರ್ತಿ ಹೋಗಿಲ್ಲ.

ಲ್ಯಾಬಿನ ಚೀಟಿಯನ್ನು ಓದುವುದು

ಮೈಸೂರಿಗೆ ಮರಳೋಣ. ವಾರ್ಡನ್ ಹುಡುಗಿಯನ್ನು ಆಟೋದಲ್ಲಿ ಕೂರಿಸಿಕೊಂಡು ಆಸ್ಪತ್ರೆಯ ತುರ್ತು ವಿಭಾಗಕ್ಕೆ ಕರೆತಂದರು. ರಾತ್ರಿ ಎಂಟು ಗಂಟೆಗೆ ರಕ್ತ ತೆಗೆದರು. ಒಂದು ಗಂಟೆಯೊಳಗೆ ಫಲಿತಾಂಶ ಬಂತು. ಬಿಳಿ ಕಣಗಳ ಒಟ್ಟು ಸಂಖ್ಯೆ, ಅಂದರೆ ಟೋಟಲ್ ಕೌಂಟ್, ಒಂದು ಮೈಕ್ರೋಲೀಟರ್ ರಕ್ತದಲ್ಲಿ 3,100. ಪ್ಲೇಟ್‌ಲೆಟ್ 2,40,000. ಹಿಮೋಗ್ಲೋಬಿನ್ 12.

ಟೋಟಲ್ ಕೌಂಟ್ ಸಾಮಾನ್ಯವಾಗಿ 4,000ದಿಂದ 11,000ದವರೆಗೆ ಇರುತ್ತದೆ. ಇವಳದು ಸ್ವಲ್ಪ ಕಡಿಮೆ, ಅಷ್ಟೇ. ಮಳೆಗಾಲದ ವೈರಲ್ ಜ್ವರದಲ್ಲಿ, ಡೆಂಗಿಯಲ್ಲಿ ಇಂಥ ಸಂಖ್ಯೆ ದಿನವೂ ಕಾಣುವಂಥದ್ದು. ‘ವೈರಲ್ ಇರಬೇಕು, ರೆಸ್ಟ್ ತಗೊಳ್ಳಿ’ ಎಂದು ಹೇಳಿ ಕಳಿಸಲು ಈ 3,100 ಎಂಬ ಸಂಖ್ಯೆ ಸಾಕಾಗಿತ್ತು. ಆದರೆ ವಾರ್ಡನ್ ಮೊದಲೇ ಹೇಳಿದ್ದರು: ‘ಈ ಹುಡುಗಿ ಕಾರ್ಬಿಮಜೋಲ್ ತಗೊಳ್ತಿದ್ದಾಳೆ.’ ಹಾಗಾಗಿ ಕರ್ತವ್ಯದಲ್ಲಿದ್ದ ವೈದ್ಯರು ಚೀಟಿಯ ಕೆಳಗಿನ ಸಾಲುಗಳನ್ನೂ ಓದಿದರು. ಅಲ್ಲಿ ಬಿಳಿ ಕಣಗಳ ಜಾತಿವಾರು ಪಾಲು, ಅಂದರೆ ಡಿಫರೆನ್ಷಿಯಲ್ ಕೌಂಟ್ ಇತ್ತು: ನ್ಯೂಟ್ರೋಫಿಲ್ ಶೇಕಡಾ 6, ಲಿಂಫೋಸೈಟ್ 82, ಮಾನೋಸೈಟ್ 10, ಇಯೋಸಿನೋಫಿಲ್ 2.

ಇನ್ನು ಲೆಕ್ಕ ಸುಲಭ. ಶಾಲೆಯ ಹುಡುಗರೂ ಮಾಡಬಹುದು. ಒಟ್ಟು 3,100 ಕಣಗಳಲ್ಲಿ ನೂರಕ್ಕೆ 6 ನ್ಯೂಟ್ರೋಫಿಲ್. 3,100ನ್ನು 6ರಿಂದ ಗುಣಿಸಿ 100ರಿಂದ ಭಾಗಿಸಿದರೆ 186. ಇದಕ್ಕೆ ನ್ಯೂಟ್ರೋಫಿಲ್‌ಗಳ ನಿಜಸಂಖ್ಯೆ ಎನ್ನೋಣ. ಲ್ಯಾಬಿನ ಚೀಟಿಯಲ್ಲಿ ಇದನ್ನು ಅಬ್ಸಲ್ಯೂಟ್ ನ್ಯೂಟ್ರೋಫಿಲ್ ಕೌಂಟ್ ಎಂದು ಬರೆದಿರುತ್ತಾರೆ. ಆರೋಗ್ಯವಂತರಲ್ಲಿ ಇದು ಸುಮಾರು 2,000ದಿಂದ 7,000. 1,500ಕ್ಕಿಂತ ಇಳಿದರೆ ಎಚ್ಚರ ಬೇಕು, ಮತ್ತೆ ಮತ್ತೆ ಎಣಿಸಿ ನೋಡಬೇಕು. 1,000ಕ್ಕಿಂತ ಇಳಿದರೆ ಔಷಧ ನಿಲ್ಲಲೇಬೇಕು. 500ಕ್ಕಿಂತ ಕೆಳಗೆ ಹೋದರೆ ಅದು ಅಗ್ರಾನ್ಯುಲೊಸೈಟೋಸಿಸ್. ಇವಳಲ್ಲಿ ಉಳಿದಿದ್ದವು 186.

ಅಂದರೆ ಟೋಟಲ್ ಕೌಂಟ್ ಒಂದನ್ನೇ ನೋಡಿದರೆ ಸಾಲದು. ಲಿಂಫೋಸೈಟ್‌ಗಳು ತಮ್ಮ ಸಂಖ್ಯೆ ಕಾಯ್ದುಕೊಂಡಿರುವುದರಿಂದ ಒಟ್ಟು ಮೊತ್ತ ಅಷ್ಟೇನೂ ಕೆಟ್ಟದಾಗಿ ಕಾಣುವುದಿಲ್ಲ. ಲ್ಯಾಬಿಗೆ ಹೋದಾಗ ‘ಸಿಬಿಸಿ, ಡಿಫರೆನ್ಷಿಯಲ್ ಸಮೇತ ಬೇಕು’ ಎಂದು ಕೇಳಬೇಕು. ಎಣಿಕೆಯ ಯಂತ್ರ ಇಷ್ಟು ಕಡಿಮೆ ತೋರಿಸಿದಾಗ ಗಾಜಿನ ಮೇಲೆ ರಕ್ತ ಸವರಿ ಸೂಕ್ಷ್ಮದರ್ಶಕದಲ್ಲಿ ಕಣ್ಣಾರೆ ನೋಡಿ ಖಚಿತಪಡಿಸಿಕೊಳ್ಳುತ್ತಾರೆ. ಆದರೆ ಆ ಖಚಿತತೆಗಾಗಿ ಚಿಕಿತ್ಸೆಯನ್ನು ತಡೆಯುವುದಿಲ್ಲ.

ತಿಂಗಳಿಗೊಮ್ಮೆ ಪರೀಕ್ಷೆ ಮಾಡಿಸಿದರೆ ಸಾಲದೇ?

ತಂದೆತಾಯಿಗಳು ಕೇಳುವ ನ್ಯಾಯವಾದ ಪ್ರಶ್ನೆ ಇದು. ಜ್ವರ ಬರುವವರೆಗೆ ಏಕೆ ಕಾಯಬೇಕು, ಮೊದಲೇ ಆಗಾಗ ರಕ್ತ ಎಣಿಸುತ್ತಿದ್ದರೆ ಗೊತ್ತಾಗುವುದಿಲ್ಲವೇ?

ತೊಂದರೆ ಇರುವುದು ಇದರ ವೇಗದಲ್ಲಿ. ನಮ್ಮ ಹುಡುಗಿಗೆ ಹಿಂದಿನ ವಾರ ಎಣಿಕೆ ಮಾಡಿಸಿದ್ದರೆ ನ್ಯೂಟ್ರೋಫಿಲ್ 3,000 ಇದ್ದಿರಬಹುದಿತ್ತು. ಆ ಚೀಟಿ ಕೈಯಲ್ಲಿ ಹಿಡಿದು ‘ರಕ್ತ ಚೆನ್ನಾಗಿದೆ’ ಎಂಬ ಧೈರ್ಯದಲ್ಲಿ ಮನೆಯವರು ಜ್ವರವನ್ನು ಕಡೆಗಣಿಸಿದ್ದರೆ ಆ ಪರೀಕ್ಷೆಯಿಂದ ಕೇಡೇ ಆಗುತ್ತಿತ್ತು. ಕೆಲವರಲ್ಲಿ ಇಳಿತ ನಿಧಾನವಾಗಿ ಆಗಿ ಮೊದಲೇ ಸಿಕ್ಕಿಬೀಳುವುದುಂಟು. ಆದರೆ ಅದನ್ನು ನಂಬಿ ಕೂರುವಂತಿಲ್ಲ. ಔಷಧ ಶುರು ಮಾಡುವ ಮುನ್ನ ಒಂದು ಎಣಿಕೆ ಮಾಡಿಸುವುದು ಒಳ್ಳೆಯದು. ಏಕೆಂದರೆ ಗ್ರೇವ್ಸ್ ಕಾಯಿಲೆಯೇ ಕೆಲವರಲ್ಲಿ ನ್ಯೂಟ್ರೋಫಿಲ್ ಸಂಖ್ಯೆಯನ್ನು ತುಸು ತಗ್ಗಿಸಿರುತ್ತದೆ. ಮುಂದೆ ಹೋಲಿಸಿ ನೋಡಲು ಆ ಮೊದಲ ಸಂಖ್ಯೆ ಬೇಕಾಗುತ್ತದೆ. ಆಮೇಲೆ ಲೆಕ್ಕಕ್ಕೆ ಬರುವ ಎಣಿಕೆಯೆಂದರೆ ಜ್ವರ ಅಥವಾ ಗಂಟಲು ನೋವು ಬಂದ ದಿನದ್ದು.

ಇದು ಹೆಚ್ಚಾಗಿ ಕಾಣಿಸಿಕೊಳ್ಳುವುದು ಔಷಧ ಶುರುವಾದ ಮೊದಲ ಮೂರು ತಿಂಗಳಲ್ಲಿ. ಮೆಥಿಮಜೋಲ್, ಕಾರ್ಬಿಮಜೋಲ್‌ಗಳ ಪ್ರಮಾಣ ದೊಡ್ಡದಿದ್ದಷ್ಟೂ ಸಾಧ್ಯತೆ ಹೆಚ್ಚು. ನಮ್ಮ ಹುಡುಗಿ ದಿನಕ್ಕೆ 30 ಮಿಲಿಗ್ರಾಂ ಕಾರ್ಬಿಮಜೋಲ್ ತೆಗೆದುಕೊಳ್ಳುತ್ತಿದ್ದಳು, ಆರನೆಯ ವಾರ ನಡೆಯುತ್ತಿತ್ತು. ಆದರೆ ಕಡಿಮೆ ಪ್ರಮಾಣದಲ್ಲೂ, ಮೂರು ತಿಂಗಳು ದಾಟಿದ ಮೇಲೂ ಬಂದದ್ದುಂಟು. ಇನ್ನೊಂದು ವಿಷಯ ವಿದ್ಯಾರ್ಥಿಗಳು ಗಮನಿಸಬೇಕು. ಗುಣವಾಯಿತೆಂದು ಮಾತ್ರೆ ಬಿಟ್ಟು, ಒಂದೆರಡು ವರ್ಷದ ನಂತರ ರೋಗ ಮರಳಿದಾಗ ಮತ್ತೆ ಶುರು ಮಾಡುವವರಿದ್ದಾರೆ. ಮೊದಲ ಸಲ ಏನೂ ಆಗಲಿಲ್ಲ ಎಂಬುದು ಎರಡನೆಯ ಸಲಕ್ಕೆ ರಕ್ಷೆಯಲ್ಲ. ಆಗಲೂ ಎಚ್ಚರಿಕೆಯ ಲೆಕ್ಕ ಮೊದಲ ದಿನದಿಂದಲೇ.

ಆ ದಿನ ಮಾಡಬೇಕಾದದ್ದು

ಕಾರ್ಬಿಮಜೋಲ್, ಮೆಥಿಮಜೋಲ್, ಪ್ರೊಪೈಲ್‌ಥಯೋಯುರಾಸಿಲ್ ಇವುಗಳಲ್ಲಿ ಒಂದನ್ನು ತೆಗೆದುಕೊಳ್ಳುತ್ತಿರುವವರಿಗೆ 100.4 ಡಿಗ್ರಿ ಅಥವಾ ಅದಕ್ಕೂ ಹೆಚ್ಚು ಜ್ವರ, ಗಂಟಲು ನೋವು, ಬಾಯಿ ಹುಣ್ಣು, ಮೈ ನಡುಗುವ ಚಳಿ ಇವುಗಳಲ್ಲಿ ಯಾವುದೇ ಒಂದು ಕಾಣಿಸಿಕೊಂಡರೂ ಮುಂದಿನ ಮಾತ್ರೆ ನುಂಗದೆ ಅದೇ ದಿನ ರಕ್ತದ ಎಣಿಕೆ ಮಾಡಿಸಬೇಕು. ರಾತ್ರಿಯಾಗಿದ್ದರೆ, ಭಾನುವಾರವಾಗಿದ್ದರೆ, ಬೀದಿಯ ಲ್ಯಾಬ್ ಮುಚ್ಚಿದ್ದರೆ ತುರ್ತು ವಿಭಾಗವಿರುವ ಆಸ್ಪತ್ರೆಗೆ ಹೋಗಬೇಕು. ಅಲ್ಲಿ ಮೊದಲು ಹೇಳಬೇಕಾದ ಮಾತು ‘ಜ್ವರ ಬಂದಿದೆ’ ಎಂಬುದಲ್ಲ, ‘ಈ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ, ಜ್ವರ ಬಂದಿದೆ’ ಎಂಬುದು. ಮಾತ್ರೆಯ ಹಾಳೆಯನ್ನು ಜೊತೆಗೆ ಒಯ್ದರೆ ಹೆಸರು ತಪ್ಪುವುದಿಲ್ಲ.

ಪ್ಯಾರಾಸಿಟಮಾಲ್ ನುಂಗಿದ್ದು ತಪ್ಪೇ? ಅದರಿಂದ ರಕ್ತಕಣಗಳಿಗೆ ಹಾನಿಯಿಲ್ಲ. ಆದರೆ ಅದು ಜ್ವರವನ್ನು ಇಳಿಸಿ, ರೋಗ ಇಳಿಯಿತೆಂಬ ಭ್ರಮೆ ಹುಟ್ಟಿಸುತ್ತದೆ. ನಮ್ಮ ಹುಡುಗಿಗೆ ಶುಕ್ರವಾರ ಮಧ್ಯಾಹ್ನ ಆದದ್ದು ಅದೇ. ಔಷಧದ ಅಂಗಡಿಯಲ್ಲಿ ಕೇಳಿ ಮೂರು ದಿನದ ಆಂಟಿಬಯಾಟಿಕ್ ತಂದು ನುಂಗುವುದು ಇದಕ್ಕಿಂತ ಕೆಟ್ಟದ್ದು. ನ್ಯೂಟ್ರೋಫಿಲ್ ಇಲ್ಲದ ದೇಹದಲ್ಲಿ ಅಂಥ ಮಾತ್ರೆಯೊಂದೇ ಸೋಂಕನ್ನು ಹಿಡಿದು ನಿಲ್ಲಿಸಲಾರದು. ಹೋಗುವುದು ಆ ಮೂರು ದಿನ. ಉಪ್ಪುನೀರು, ಕಷಾಯಗಳಿಂದ ಗಂಟಲಿಗೆ ಹಿತವೆನಿಸಬಹುದು. ರಕ್ತ ಕೊಟ್ಟು ಬಂದ ಮೇಲೆ ಅವನ್ನು ಮಾಡಲು ಅಡ್ಡಿಯಿಲ್ಲ.

ಎಣಿಕೆ ಸರಿಯಾಗಿಯೇ ಬಂದರೆ? ಹೆಚ್ಚಿನ ಸಲ ಬರುವುದು ಹಾಗೆಯೇ. ಈ ಔಷಧ ತೆಗೆದುಕೊಳ್ಳುವವರಿಗೂ ಎಲ್ಲರಂತೆ ನೆಗಡಿ, ಗಂಟಲು ನೋವು ಬರುತ್ತವೆ. ಆಗ ವೈದ್ಯರನ್ನು ಕೇಳಿ ಮಾತ್ರೆಯನ್ನು ಮತ್ತೆ ಶುರು ಮಾಡಬೇಕು. ಒಂದು ಹೊತ್ತಿನ, ಒಂದು ದಿನದ ಮಾತ್ರೆ ತಪ್ಪಿದ್ದರಿಂದ ಏನೂ ಆಗುವುದಿಲ್ಲ. ಆದರೆ ಹೆದರಿಕೆಯಿಂದ ಅದನ್ನು ಬಿಟ್ಟೇಬಿಟ್ಟರೆ ಥೈರಾಯ್ಡ್ ಮತ್ತೆ ಕೆರಳುತ್ತದೆ, ಹೃದಯದ ಬಡಿತ ತಾಳ ತಪ್ಪುವವರೆಗೂ ಹೋಗಬಹುದು. ಜ್ವರ ಇಳಿಯದೆ ಮುಂದುವರಿದರೆ ಒಂದೆರಡು ದಿನದಲ್ಲಿ ಎಣಿಕೆಯನ್ನು ಮತ್ತೊಮ್ಮೆ ಮಾಡಿಸಬೇಕು. ಮೊದಲ ದಿನ ಸರಿಯಿದ್ದ ಸಂಖ್ಯೆ ಮೂರನೆಯ ದಿನ ಕುಸಿದಿರಬಹುದು.

ಆಸ್ಪತ್ರೆಯಲ್ಲಿ ಹತ್ತು ದಿನ

ಹುಡುಗಿಯನ್ನು ಅಂದು ರಾತ್ರಿಯೇ ಒಳರೋಗಿಯಾಗಿ ಸೇರಿಸಿಕೊಂಡರು. ರಕ್ತದಲ್ಲಿ ಬ್ಯಾಕ್ಟೀರಿಯಾ ಬೆಳೆಯುತ್ತದೆಯೇ ಎಂದು ನೋಡಲು ಮಾದರಿ ತೆಗೆದು, ಅದರ ಫಲಿತಾಂಶಕ್ಕೆ ಕಾಯದೆ ನರದ ಮೂಲಕ ಪ್ರಬಲವಾದ ಆಂಟಿಬಯಾಟಿಕ್ ಕೊಡಲಾರಂಭಿಸಿದರು. ಕಾರ್ಬಿಮಜೋಲ್ ಅಂದಿಗೇ ನಿಂತಿತು. ಮಜ್ಜೆಯನ್ನು ಹುರಿದುಂಬಿಸಿ ನ್ಯೂಟ್ರೋಫಿಲ್ ತಯಾರಿಕೆಯನ್ನು ಬೇಗ ಶುರುಮಾಡಿಸುವ ಫಿಲ್‌ಗ್ರಾಸ್ಟಿಮ್ ಎಂಬ ಚುಚ್ಚುಮದ್ದನ್ನು ದಿನವೂ ಚರ್ಮದಡಿ ಕೊಟ್ಟರು. ಇದನ್ನು ಎಲ್ಲರಿಗೂ ಕೊಡಲೇಬೇಕೆಂದಿಲ್ಲ. ಸಂಖ್ಯೆ ತೀರ ಇಳಿದವರಿಗೆ, ಸೋಂಕು ಜೋರಾಗಿರುವವರಿಗೆ ಕೊಡುವುದು ರೂಢಿ. ಬೇರೆ ರೋಗಿಗಳಿಂದ ಸೋಂಕು ತಗಲದಿರಲೆಂದು ಪ್ರತ್ಯೇಕ ಕೋಣೆ, ಒಳಬರುವವರೆಲ್ಲ ಕೈ ತೊಳೆದೇ ಬರಬೇಕೆಂಬ ಕಟ್ಟಳೆ.

ಮೊದಲ ದಿನಗಳು ಮನೆಯವರಿಗೆ ಕಠಿಣ. ಮಾತ್ರೆ ನಿಲ್ಲಿಸಿದ ಮಾತ್ರಕ್ಕೆ ಸಂಖ್ಯೆ ಮರುದಿನವೇ ಏರುವುದಿಲ್ಲ. ಮಜ್ಜೆಯಲ್ಲಿ ಬೀಜರೂಪದ ಕಣದಿಂದ ಬಲಿತ ನ್ಯೂಟ್ರೋಫಿಲ್ ಆಗುವುದಕ್ಕೆ ದಿನಗಳೇ ಬೇಕು. ಸಾಮಾನ್ಯವಾಗಿ ಒಂದರಿಂದ ಎರಡು ವಾರ ಹಿಡಿಯುತ್ತದೆ. ಇವಳ ಎಣಿಕೆ ಎರಡನೆಯ ದಿನ 186ರಿಂದ 90ಕ್ಕೆ ಇಳಿಯಿತು. ‘ಔಷಧ ಕೊಡ್ತಿದ್ರೂ ಇಳೀತಿದೆಯಲ್ಲ ಡಾಕ್ಟ್ರೇ’ ಎಂದು ತಾಯಿ ಕಣ್ಣೀರು ಹಾಕಿದರು. ಐದನೆಯ ದಿನವೂ 110. ಏಳನೆಯ ದಿನ 640. ಒಂಬತ್ತನೆಯ ದಿನ 2,300. ಅಷ್ಟರಲ್ಲಿ ಜ್ವರ ನಿಂತು ಗಂಜಿ ನುಂಗುವಂತಾಗಿತ್ತು. ಹತ್ತನೆಯ ದಿನ ಮನೆಗೆ ಕಳಿಸಿದರು. ಬೇಗ ಬಂದು ಸರಿಯಾದ ಚಿಕಿತ್ಸೆ ಪಡೆದವರಲ್ಲಿ ಬಹುಪಾಲು ಮಂದಿ ಹೀಗೆ ಪೂರ್ತಿ ಗುಣವಾಗುತ್ತಾರೆ. ವಯಸ್ಸಾದವರು, ಬೇರೆ ಕಾಯಿಲೆಯಿರುವವರು, ನಂಜು ರಕ್ತಕ್ಕೆ ಹರಡಿದ ಮೇಲೆ ಬಂದವರ ವಿಷಯದಲ್ಲಿ ಅದೇ ಭರವಸೆ ಕೊಡಲಾಗದು.

ಈ ಹತ್ತು ದಿನ ಥೈರಾಯ್ಡ್ ಸುಮ್ಮನೆ ಕುಳಿತಿರಲಿಲ್ಲ. ಅದನ್ನು ಹಿಡಿದಿಟ್ಟ ಔಷಧ ನಿಂತಿದೆ, ಮೈಯಲ್ಲಿ ಸೋಂಕು ಬೇರೆ. ಎರಡೂ ಸೇರಿದರೆ ಗ್ರಂಥಿಯ ಆರ್ಭಟ ಅತಿಗೆ ಹೋಗಿ ಜೀವಕ್ಕೇ ಕುತ್ತಾಗಬಹುದು. ಹಾಗಾಗಿ ಹೃದಯದ ಬಡಿತ ತಗ್ಗಿಸಲು ಪ್ರೊಪ್ರನಲಾಲ್ ಮಾತ್ರೆ ಕೊಟ್ಟು ನಾಡಿಯನ್ನು ಹಗಲಿರುಳು ಗಮನಿಸಿದರು. ಉಬ್ಬಸ ಇರುವವರಿಗೆ ಈ ಮಾತ್ರೆ ಆಗದಾದ್ದರಿಂದ ಅದನ್ನೂ ಮೊದಲೇ ಕೇಳಿ ತಿಳಿದುಕೊಂಡಿದ್ದರು.

ಮುಂದೆಂದೂ ಬೇಡ

ಮನೆಗೆ ಹೊರಟಾಗ ತಾಯಿ ಕೇಳಿದರು: ‘ಈ ಮಾತ್ರೆ ಆಗಿಬರಲಿಲ್ಲ. ಅದೇ ಜಾತಿಯ ಇನ್ನೊಂದಿದೆಯಂತಲ್ಲ, ಅದನ್ನ ಕೊಡಬಹುದಾ?’

ಕೊಡುವಂತಿಲ್ಲ. ಕಾರ್ಬಿಮಜೋಲ್‌ನಿಂದ ಹೀಗಾದವರಿಗೆ ಪ್ರೊಪೈಲ್‌ಥಯೋಯುರಾಸಿಲ್‌ನಿಂದಲೂ ಹೀಗೆಯೇ ಆಗುವ ಸಾಧ್ಯತೆಯಿದೆ. ಈ ಕುಟುಂಬದ ಮೂರೂ ಔಷಧಗಳು ಇವಳ ಪಾಲಿಗೆ ಜೀವನಪರ್ಯಂತ ನಿಷಿದ್ಧ. ಉಳಿಯುವ ದಾರಿ ಎರಡು. ಒಂದು, ವಿಕಿರಣ ಅಯೋಡಿನ್. ನುಂಗಿದ ಅಯೋಡಿನ್ನನ್ನು ಥೈರಾಯ್ಡ್ ಗ್ರಂಥಿ ತಾನೇ ಹೀರಿಕೊಳ್ಳುವುದರಿಂದ ವಿಕಿರಣ ಅಲ್ಲಿಗೇ ಹೋಗಿ ಅದರ ಕೋಶಗಳನ್ನು ಸುಡುತ್ತದೆ. ಗರ್ಭಿಣಿಯರಿಗೂ ಮೊಲೆಯೂಡಿಸುವವರಿಗೂ ಇದು ಸಲ್ಲದು. ಇನ್ನೊಂದು, ಶಸ್ತ್ರಚಿಕಿತ್ಸೆಯಿಂದ ಗ್ರಂಥಿಯನ್ನು ತೆಗೆದುಹಾಕುವುದು. ಎರಡರ ನಂತರವೂ ಹೆಚ್ಚಿನವರಿಗೆ ಹಾರ್ಮೋನಿನ ಕೊರತೆಯಾಗಿ, ಮೊದಲು ಹೇಳಿದ ಆ ಥೈರಾಕ್ಸಿನ್ ಮಾತ್ರೆಯನ್ನು ದಿನವೂ ನುಂಗಬೇಕಾಗುತ್ತದೆ. ಆ ಮಾತ್ರೆಗೆ ಈ ಭಯವಿಲ್ಲ.

ಹುಡುಗಿಯ ಆಸ್ಪತ್ರೆಯ ಕಾಗದದ ಮೇಲೆ ವೈದ್ಯರು ಕೆಂಪು ಶಾಯಿಯಲ್ಲಿ ಬರೆದುಕೊಟ್ಟರು: ‘ಕಾರ್ಬಿಮಜೋಲ್‌ನಿಂದ ಅಗ್ರಾನ್ಯುಲೊಸೈಟೋಸಿಸ್ ಆಗಿದೆ. ಈ ಗುಂಪಿನ ಯಾವ ಔಷಧವನ್ನೂ ಕೊಡಬಾರದು.’ ಅದರ ಪ್ರತಿಯೊಂದು ಈಗ ಅವಳ ಪರ್ಸಿನಲ್ಲಿದೆ.

ನಿಮ್ಮ ಮನೆಯಲ್ಲಿ ಯಾರಾದರೂ ಥೈರಾಯ್ಡ್ ಅತಿಯಾಗಿ ಕೆಲಸ ಮಾಡುತ್ತಿದೆ ಎಂದು ಮಾತ್ರೆ ತೆಗೆದುಕೊಳ್ಳುತ್ತಿದ್ದರೆ, ಮೊದಲು ಮಾತ್ರೆಯ ಹಾಳೆಯ ಮೇಲಿನ ಹೆಸರು ಓದಿ. ಮೇಲೆ ಹೇಳಿದ ಮೂರರಲ್ಲಿ ಒಂದಾಗಿದ್ದರೆ ಒಂದು ಚೀಟಿ ಬರೆಯಿರಿ: ಔಷಧದ ಹೆಸರು, ದಿನದ ಪ್ರಮಾಣ, ಶುರು ಮಾಡಿದ ತಾರೀಖು, ಶುರು ಮಾಡುವಾಗ ಇದ್ದ ನ್ಯೂಟ್ರೋಫಿಲ್ ಸಂಖ್ಯೆ. ಕೆಳಗೆ ‘ಜ್ವರ ಅಥವಾ ಗಂಟಲು ನೋವು ಬಂದರೆ ಮಾತ್ರೆ ನಿಲ್ಲಿಸಿ, ಅದೇ ದಿನ ಸಿಬಿಸಿ, ಡಿಫರೆನ್ಷಿಯಲ್ ಸಮೇತ’ ಎಂದು ಸೇರಿಸಿ. ಒಂದು ಪ್ರತಿ ಮಗಳ ಅಥವಾ ಮಗನ ಪರ್ಸಿನಲ್ಲಿ, ಒಂದು ಹಾಸ್ಟೆಲಿನ ವಾರ್ಡನ್ ಬಳಿ, ಒಂದು ಮನೆಯ ಫೈಲಿನಲ್ಲಿ ಇರಲಿ. ಹಾಸ್ಟೆಲಿನ ಕೋಣೆಯ ಗೆಳತಿಗೂ ಒಂದು ಮಾತು ಹೇಳಿಡಿ. ಜ್ವರದಲ್ಲಿ ಮಲಗಿದವರಿಗಿಂತ ಪಕ್ಕದ ಮಂಚದಲ್ಲಿರುವವರಿಗೇ ಅದು ಮೊದಲು ನೆನಪಾಗುವುದು.